ಹಸುವಿನ ಹಾಲಿನಲ್ಲಿ ಮೆತ್ತನೆಯ ಖೋವಾ: ಉರಿ ಯಾವಾಗ ತಗ್ಗಿಸಬೇಕು, ಬಾಣಲೆ ಯಾವಾಗ ಇಳಿಸಬೇಕು



ಹಬ್ಬ, ಸೀಮಂತ, ನಾಮಕರಣ ಬಂತೆಂದರೆ ಅಕ್ಕಪಕ್ಕದವರು ನಿಮ್ಮನ್ನೂ ಕೇಳಿರುತ್ತಾರೆ: "ಅಕ್ಕ, ನಿಮ್ಮನೇಲಿ ಹಾಲಿದೆಯಲ್ಲ, ಜಾಮೂನಿಗೆ ಎರಡು ಕಿಲೋ ಖೋವಾ ಮಾಡಿಕೊಡ್ತೀರಾ?" ನನ್ನನ್ನೂ ಹಾಗೆಯೇ ಕೇಳಿದ್ದರು. ನಾಲ್ಕು ಮನೆ ಆಚೆಯ ಸೀಮಂತಕ್ಕೆ ಮೂರು ಕಿಲೋ ಒಪ್ಪಿಕೊಂಡೆ. ನಮ್ಮದು ಎರಡು ಮಿಶ್ರತಳಿ ಹಸು. ಹಾಲು ಚೆನ್ನಾಗಿತ್ತು, ಸೌದೆ ಇತ್ತು, ಬಾಣಲೆಯೂ ಇತ್ತು. ಅತ್ತೆ ಮಾಡುತ್ತಿದ್ದುದನ್ನು ವರ್ಷಗಟ್ಟಲೆ ನೋಡಿದ್ದೆ. ಬಾಣಲೆಯಿಂದ ತೆಗೆದಾಗ ಖೋವಾ ಚೆನ್ನಾಗಿಯೇ ಕಂಡಿತು. ಮರುದಿನ ಆ ಮನೆಯಲ್ಲಿ ಜಾಮೂನು ಕರಿದರೆ ಒಳಗೆ ಗಟ್ಟಿ ಗೋಲಿ! ಪಾಕದಲ್ಲಿ ಎರಡು ಗಂಟೆ ಬಿಟ್ಟರೂ ನಡುವಿನವರೆಗೆ ಪಾಕ ಇಳಿದಿರಲಿಲ್ಲ. ಅವರು ಪಾಪ ಏನೂ ಅನ್ನಲಿಲ್ಲ, ಕೊಡಬೇಕಾದ ದುಡ್ಡನ್ನೂ ಕೊಟ್ಟರು. ಆದರೆ ಮಗುವಿನ ನಾಮಕರಣಕ್ಕೆ ಖೋವಾ ಪೇಟೆಯಿಂದ ಬಂತು.

ನಾನು ಮಾಡಿದ್ದರಲ್ಲಿ ಅತ್ತೆಯ ಪದ್ಧತಿಗಿಂತ ಬೇರೆಯಾದದ್ದು ಒಂದೂ ಇರಲಿಲ್ಲ. ತಪ್ಪು ಇದ್ದದ್ದೇ ಅಲ್ಲಿ. ಅತ್ತೆ ಖೋವಾ ಕಲಿತದ್ದು ಎಮ್ಮೆ ಹಾಲಿನಲ್ಲಿ. ಅವರನ್ನು ಕೇಳಿದಾಗ ನಕ್ಕುಬಿಟ್ಟರು: "ಎಮ್ಮೆ ಹಾಲು ತಾನಾಗೇ ಖೋವಾ ಆಗುತ್ತೆ ಕಣವ್ವ. ಹಸೀನ ಹಾಲಿಗೆ ಎದುರಿಗೇ ಕೂತಿರಬೇಕು."

ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು, ಆ ಜಿಡ್ಡಿನ ಕಣಗಳೂ ದೊಡ್ಡವು. ಕೈಯಾಡಿಸಿ ಉಜ್ಜಿದಾಗ ಅವು ಬೇಗ ಒಡೆದು ಬೆಣ್ಣೆಯಂಥ ಜಿಡ್ಡು ಹೊರಬರುತ್ತದೆ, ಖೋವಾವನ್ನು ಮೆತ್ತಗೆ ಇಡುತ್ತದೆ. ಸ್ವಲ್ಪ ಹೆಚ್ಚು ಕಾಯಿಸಿದರೂ ಆ ಜಿಡ್ಡು ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಹಸುವಿನ ಹಾಲಿನಲ್ಲಿ ಜಿಡ್ಡೂ ಕಡಿಮೆ, ಕಣಗಳೂ ಸಣ್ಣವು. ಹಾಗಾಗಿ ನೀರು ತುಸು ಹೆಚ್ಚು ಆರಿದರೂ ಖೋವಾ ಗಟ್ಟಿಯಾಗುತ್ತದೆ, ತರಿತರಿಯಾಗುತ್ತದೆ. ಇಂದು ನಮ್ಮಲ್ಲಿ ಹೆಚ್ಚಿನವರ ಕೊಟ್ಟಿಗೆಯಲ್ಲಿರುವುದು ಹಸು, ಕೈಗೆ ಬಂದಿರುವ ಪದ್ಧತಿ ಎಮ್ಮೆಯ ಕಾಲದ್ದು. ಈ ಲೇಖನ ಹಸುವಿನ ಹಾಲು ಇರುವವರಿಗೆ, ಅದರಲ್ಲೂ ಜಾಮೂನಿಗೆ ಬೇಕಾದ ಮೆತ್ತನೆಯ ಖೋವಾ ಮಾಡುವವರಿಗೆ.

ಮೊದಲು ಸಂಘದ ಚೀಟಿ ನೋಡಿ

ಡೇರಿಯಲ್ಲಿ ಹಾಲು ಹಾಕಿದಾಗ ಕೊಡುವ ಚೀಟಿಯಲ್ಲಿ ಫ್ಯಾಟ್ ಮತ್ತು ಎಸ್.ಎನ್.ಎಫ್. ಇರುತ್ತದಲ್ಲ, ಖೋವಾ ಎಷ್ಟು ಬರುತ್ತದೆ ಎನ್ನುವ ಲೆಕ್ಕವೂ ಅದರಲ್ಲೇ ಇದೆ. ಎರಡನ್ನೂ ಕೂಡಿಸಿದರೆ ನೂರು ಗ್ರಾಂ ಹಾಲಿನಲ್ಲಿ ನೀರು ಬಿಟ್ಟು ಉಳಿಯುವ ಗಟ್ಟಿ ಅಂಶ ಸಿಗುತ್ತದೆ. ಫ್ಯಾಟ್ 4.0, ಎಸ್.ಎನ್.ಎಫ್. 8.5 ಇದ್ದರೆ ಒಟ್ಟು 12.5.

ಈಗ ಎರಡೂವರೆ ಲೀಟರ್ ಹಾಲು ತೆಗೆದುಕೊಳ್ಳೋಣ. ಹಾಲು ನೀರಿಗಿಂತ ತುಸು ಭಾರ, ಹಾಗಾಗಿ ಎರಡೂವರೆ ಲೀಟರ್ ತೂಗಿದರೆ ಸುಮಾರು 2 ಕಿಲೋ 575 ಗ್ರಾಂ ಬರುತ್ತದೆ. ಅದರಲ್ಲಿ ಗಟ್ಟಿ ಅಂಶ ಸುಮಾರು 322 ಗ್ರಾಂ. ಎಷ್ಟೇ ಕಾಯಿಸಿದರೂ ಈ 322 ಗ್ರಾಂ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಬದಲಾಗುವುದು ಅದರ ಜೊತೆ ಉಳಿಯುವ ನೀರು ಮಾತ್ರ.

ಜಾಮೂನಿನ ಮೆತ್ತನೆಯ ಖೋವಾದಲ್ಲಿ ನೂರಕ್ಕೆ 40 ಪಾಲಿನಷ್ಟು ನೀರು ಉಳಿದಿರಬೇಕು. ಅಂದರೆ ನಮ್ಮ ಹಾಲಿಗೆ 535 ಗ್ರಾಂ ಹತ್ತಿರ ಖೋವಾ. ಪೇಡ, ಬರ್ಫಿಗೆ ಬಳಸುವ ಗಟ್ಟಿ ಖೋವಾದಲ್ಲಿ ನೀರು 32 ಪಾಲಿನ ಆಸುಪಾಸು. ಅದೇ ಹಾಲು ಆಗ 470 ಗ್ರಾಂ ಆಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ 65 ಗ್ರಾಂ ನೀರು, ದೊಡ್ಡ ಚಮಚದಲ್ಲಿ ಅಳೆದರೆ ನಾಲ್ಕು ಚಮಚಕ್ಕಿಂತ ತುಸು ಹೆಚ್ಚು, ಅಷ್ಟೇ.

ಎರಡೂವರೆ ಲೀಟರ್ ಹಾಲಿನಿಂದ ಎರಡು ಕಿಲೋ ನೀರು ಹೋಗಬೇಕು. ಮನೆಯ ಒಲೆಯ ದೊಡ್ಡ ಉರಿಯಲ್ಲಿ ಅದಕ್ಕೆ 45 ನಿಮಿಷ ಹಿಡಿಯಿತು ಎಂದುಕೊಳ್ಳಿ. ಆಗ ನಿಮಿಷಕ್ಕೆ 45 ಗ್ರಾಂ ನೀರು ಆವಿಯಾಗುತ್ತಿರುತ್ತದೆ. ಅದೇ ಉರಿಯನ್ನು ಕೊನೆಯವರೆಗೂ ಇಟ್ಟರೆ ಜಾಮೂನಿನ ಖೋವಾ ಪೇಡದ ಖೋವಾ ಆಗಲು ಒಂದೂವರೆ ನಿಮಿಷ ಸಾಕು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು ಎಂದು ಎದ್ದು ಹೋಗಿ ಬಂದರೆ ಮುಗಿಯಿತು. ಸೀಮಂತದ ಮನೆಯ ಖೋವಾದಲ್ಲಿ ನನಗೆ ಆಗಿದ್ದು ಬಹುಶಃ ಇದೇ.

ಯಾವ ಹಾಲು

ಖೋವಾ ಎಂದರೆ ಹಾಲು ಐದು ಪಟ್ಟು ಸಾಂದ್ರವಾಗುವುದು. ಹಾಲಿನಲ್ಲಿ ನಾಲಿಗೆಗೆ ಗೊತ್ತಾಗದ ದೋಷ ಖೋವಾದಲ್ಲಿ ಎದ್ದು ಕಾಣುತ್ತದೆ. ಕೆಚ್ಚಲು ಬಾವು ಇರುವ ಹಸುವಿನ ಹಾಲಿನಲ್ಲಿ ಉಪ್ಪಿನಂಶ ಹೆಚ್ಚಿರುತ್ತದೆ. ಹಾಲು ಕುಡಿದರೆ ತಿಳಿಯದಿರಬಹುದು, ಖೋವಾ ಮಾತ್ರ ಉಪ್ಪುಪ್ಪಾಗುತ್ತದೆ. ಅಂಥ ಹಾಲನ್ನು, ಚಿಕಿತ್ಸೆಯ ಔಷಧಿಯ ಅವಧಿ ಮುಗಿಯದ ಹಾಲನ್ನು, ಕರು ಹಾಕಿದ ಮೊದಲ ದಿನಗಳ ಗಿಣ್ಣು ಹಾಲನ್ನು ಬಾಣಲೆಗೆ ಸೇರಿಸಬೇಡಿ. ಗಿಣ್ಣು ಹಾಲು ಕಾಯಿಸಿದ ಕೂಡಲೇ ಗಟ್ಟಿಗಟ್ಟುವುದು ನಿಮಗೆ ಗೊತ್ತೇ ಇದೆ.

ಕರೆದ ಹಾಲನ್ನು ಎರಡು ಮೂರು ಗಂಟೆಯೊಳಗೆ ಒಲೆಗೆ ಇಡಿ. ಸಂಜೆ ಹಾಲನ್ನು ಹಾಗೇ ಇಟ್ಟು ಬೆಳಗಿನ ಹಾಲಿಗೆ ಬೆರೆಸುವವರು ಮೊದಲು ಒಂದು ಸೌಟು ಹಾಲನ್ನು ಬೇರೆಯಾಗಿ ಕುದಿಸಿ ನೋಡಿ. ಸಣ್ಣಗೆ ಒಡೆದರೂ ಅದು ಖೋವಾಕ್ಕೆ ಬೇಡ. ಹುಳಿಯನ್ನು ಮುಚ್ಚಲು ಚಿಟಿಕೆ ಸೋಡಾ ಹಾಕುವ ಅಭ್ಯಾಸ ಕೆಲವು ಕಡೆ ಇದೆ. ಅದು ಕಲಬೆರಕೆ, ಜೊತೆಗೆ ಖೋವಾಕ್ಕೆ ಸೋಪಿನಂಥ ರುಚಿ ಬರುತ್ತದೆ, ಬಣ್ಣವೂ ಕಂದುತ್ತದೆ.

ಜಿಡ್ಡಿನ ಬಗ್ಗೆ ಒಂದು ಮಾತು. ಆಹಾರ ಸುರಕ್ಷತಾ ನಿಯಮದಂತೆ ಮಾರಾಟದ ಖೋವಾದಲ್ಲಿ, ನೀರು ಬಿಟ್ಟ ಗಟ್ಟಿ ಅಂಶದಲ್ಲಿ ನೂರಕ್ಕೆ 30 ಪಾಲಾದರೂ ಹಾಲಿನ ಜಿಡ್ಡಿರಬೇಕು. ಫ್ಯಾಟ್ 3.5, ಎಸ್.ಎನ್.ಎಫ್. 8.5 ಇರುವ ಹಾಲಿನಲ್ಲಿ ಅದು 29ರ ಹತ್ತಿರ ನಿಲ್ಲುತ್ತದೆ, ಸ್ವಲ್ಪದರಲ್ಲಿ ತಪ್ಪುತ್ತದೆ. ಫ್ಯಾಟ್ 4 ಇದ್ದರೆ 32 ಆಗುತ್ತದೆ. ನಿಮ್ಮ ಚೀಟಿ 3.5 ತೋರಿಸುತ್ತಿದ್ದರೆ ಎರಡೂವರೆ ಲೀಟರಿಗೆ ಎರಡು ದೊಡ್ಡ ಚಮಚ ಹೊಸ ಕೆನೆ ಸೇರಿಸಿ ಕುದಿಯಲು ಇಡಿ. ಪಕ್ಕದ ಮನೆಯಲ್ಲಿ ಎಮ್ಮೆ ಇದ್ದರೆ ಅರ್ಧಕ್ಕರ್ಧ ಬೆರೆಸಿದರೆ ಇನ್ನೂ ಒಳ್ಳೆಯದು. ಬೆರೆಸಿದ್ದನ್ನು ಕೊಳ್ಳುವವರಿಗೆ ಹೇಳಿಬಿಡಿ.

ದೊಡ್ಡ ಉರಿಯ ಅರ್ಧ ಗಂಟೆ

ಬಾಣಲೆ ಅಗಲವಾಗಿರಲಿ, ತಳ ದಪ್ಪಗಿರಲಿ, ಹಾಲು ಅದರ ಅರ್ಧಕ್ಕಿಂತ ಮೇಲೆ ಬರದಿರಲಿ. ಎತ್ತರದ ಪಾತ್ರೆಯಲ್ಲಿ ಆವಿ ಹೋಗುವ ಜಾಗ ಕಡಿಮೆ, ಕಾಯಿಸುವ ಹೊತ್ತು ಉದ್ದವಾಗಿ ಖೋವಾ ಕೆಂಪಗಾಗುತ್ತದೆ. ಕಬ್ಬಿಣದ ಬಾಣಲೆ ಶಾಖವನ್ನು ಸಮವಾಗಿ ಹಿಡಿಯುತ್ತದೆ, ಆದರೆ ತುಕ್ಕಿನ ಸುಳಿವು ಇದ್ದರೂ ಖೋವಾ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚೆನ್ನಾಗಿ ತಿಕ್ಕಿಡಿ. ತೆಳ್ಳನೆಯ ಅಲ್ಯೂಮಿನಿಯಂ ಬಾಣಲೆ ಬೇಡ, ತಳ ಹಿಡಿಯುತ್ತದೆ. ಕೈಯಾಡಿಸಲು ದುಂಡು ಸೌಟಿಗಿಂತ ತುದಿ ಚಪ್ಪಟೆಯಾದ, ಉದ್ದ ಹಿಡಿಯ ಮಗುಚುವ ಕೈ ಬೇಕು. ತಳವನ್ನು ಕೆರೆಯುವುದೇ ಅದರ ಕೆಲಸ.

ಹಾಲು ಹಾಕುವ ಮೊದಲು ಬಾಣಲೆ ಮತ್ತು ಮಗುಚುವ ಕೈ ಎರಡನ್ನೂ ಒಟ್ಟಿಗೆ ತೂಗಿ, ಗೋಡೆ ಮೇಲೆ ಬರೆದಿಡಿ. ಇದು ಯಾಕೆ ಎನ್ನುವುದು ಮುಂದೆ ಬರುತ್ತದೆ.

ಶುರುವಿನಲ್ಲಿ ಉರಿ ಜೋರಾಗಿಯೇ ಇರಲಿ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದರೆ ಖೋವಾ ಮೃದುವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಹೊತ್ತು ಹೆಚ್ಚಿದಷ್ಟೂ ಬಣ್ಣ ಕಂದುತ್ತದೆ, ಬೆಂದ ವಾಸನೆ ಏರುತ್ತದೆ. ಜೋರಾಗಿ ಕುದಿಯಲಿ, ಕೈ ನಿಲ್ಲದಿರಲಿ. ತಳದ ನಡುವಿನಿಂದ ಅಂಚಿನವರೆಗೆ ಕೆರೆಯುತ್ತಾ ಹೋಗಿ, ಅಂಚಿಗೆ ಅಂಟಿದ್ದನ್ನು ಕೂಡಲೇ ಹಾಲಿಗೆ ಇಳಿಸಿ. ಅಂಚಿನಲ್ಲಿ ಒಣಗಲು ಬಿಟ್ಟ ಹಾಲು ಆಮೇಲೆ ಕರಗುವುದಿಲ್ಲ, ಖೋವಾದೊಳಗೆ ಚಕ್ಕೆಯಾಗಿ ಉಳಿಯುತ್ತದೆ. ಮೇಲೆ ಕೆನೆ ಕಟ್ಟಲೂ ಬಿಡಬೇಡಿ. ಬಾಸುಂದಿಗೆ ಕೆನೆ ಬೇಕು, ಖೋವಾಕ್ಕೆ ಬೇಡ. ಕೆನೆ ಮುಚ್ಚಿದರೆ ಆವಿ ಹೋಗುವುದೂ ನಿಧಾನ.

ಈ ಹಂತದಲ್ಲಿ ತಳ ಹಿಡಿದ ವಾಸನೆ ಬಂದರೆ ಕೆರೆಯಬೇಡಿ. ಉರಿ ಆರಿಸಿ, ಮೇಲಿನ ಹಾಲನ್ನು ಅಲುಗಾಡಿಸದೆ ಬೇರೆ ಬಾಣಲೆಗೆ ಬಗ್ಗಿಸಿ ಮುಂದುವರಿಸಿ. ಕೆರೆದರೆ ಕಪ್ಪು ಚುಕ್ಕೆಯೂ ಸೀದ ವಾಸನೆಯೂ ಪೂರ್ತಿ ಸೇರಿಬಿಡುತ್ತವೆ.

ಉರಿ ತಗ್ಗಿಸುವ ಗಳಿಗೆ

ಹಾಲು ಮೂರನೇ ಒಂದು ಪಾಲಿಗೆ ಬಂದಾಗ ಅದರ ನಡತೆ ಬದಲಾಗುತ್ತದೆ. ನೊರೆಯ ಕುದಿ ಹೋಗಿ ದೊಡ್ಡ ಗುಳ್ಳೆಗಳು ನಿಧಾನವಾಗಿ ಒಡೆಯತೊಡಗುತ್ತವೆ. ಶಬ್ದವೂ ಬೇರೆ: ಮೊದಲು ಸುರ್ರೆನ್ನುತ್ತಿದ್ದದ್ದು ಈಗ ರಾಗಿ ಅಂಬಲಿಯಂತೆ ತಪತಪ ಎನ್ನುತ್ತದೆ. ಬಣ್ಣ ಬಿಳಿಯಿಂದ ತಿಳಿ ಹಳದಿಗೆ ಹೊರಳುತ್ತದೆ. ಹಾಲಿನ ಪ್ರೋಟೀನ್ ಗಟ್ಟಿಗಟ್ಟಲು ಶುರುವಾಗುವುದು ಇಲ್ಲೇ. ಮಗುಚುವ ಕೈಯಿಂದ ತೊಟ್ಟಿಕ್ಕಿಸಿ ನೋಡಿದರೆ ಬಹಳ ಸಣ್ಣ ಕಣಗಳು ಕಾಣಿಸುತ್ತವೆ.

ಉರಿಯನ್ನು ಅರ್ಧಕ್ಕೆ ತಗ್ಗಿಸಬೇಕಾದದ್ದು ಈಗ. ಎಮ್ಮೆ ಹಾಲಾದರೆ ಇನ್ನೂ ಐದು ನಿಮಿಷ ಜೋರು ಉರಿ ತಡೆದೀತು. ಹಸುವಿನ ಹಾಲಿಗೆ ಜೋರು ಉರಿ ಮುಂದುವರಿದರೆ ಆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ರವೆಯಾಗುತ್ತವೆ, ಆಮೇಲೆ ಎಷ್ಟು ನಾದಿದರೂ ನುಣುಪಾಗುವುದಿಲ್ಲ. ಉರಿ ಅರ್ಧವಾದಂತೆ ಕೈಯ ವೇಗ ಹೆಚ್ಚಬೇಕು. ತೋಳು ಸೋತಿರುತ್ತದೆ, ಆದರೆ ಕೈ ಬದಲಿಸಿಕೊಳ್ಳಲು ಯಾರಾದರೂ ಜೊತೆಗಿರಬೇಕಾದದ್ದು ಈ ಹೊತ್ತಿಗೇ. ಮಗುಚುವುದರ ಜೊತೆ ಒತ್ತುವುದನ್ನೂ ಸೇರಿಸಿ. ಮಗುಚುವ ಕೈಯ ಚಪ್ಪಟೆ ಬದಿಯಿಂದ ಖೋವಾವನ್ನು ಬಾಣಲೆಯ ಗೋಡೆಗೆ ಒತ್ತಿ ಉಜ್ಜಿ, ಮತ್ತೆ ಎಳೆದುಕೊಳ್ಳಿ. ಈ ಉಜ್ಜುವಿಕೆಯೇ ಜಿಡ್ಡಿನ ಕಣಗಳನ್ನು ಒಡೆಯುವುದು. ಎಮ್ಮೆ ಹಾಲು ಸುಲಭವಾಗಿ ಕೊಡುವ ಮೃದುತನವನ್ನು ಹಸುವಿನ ಹಾಲಿನಿಂದ ಹೀಗೆ ಉಜ್ಜಿಯೇ ಪಡೆಯಬೇಕು.

ಹಿಟ್ಟು ಬಾಣಲೆಯ ಬದಿ ಬಿಡಲು ಶುರುಮಾಡಿದಾಗ ಉರಿಯನ್ನು ಪೂರ್ತಿ ಸಣ್ಣ ಮಾಡಿ. ಕುದಿಯ ಶಬ್ದವೇ ನಿಲ್ಲಬೇಕು, ಆವಿ ಮಾತ್ರ ಏಳುತ್ತಿರಬೇಕು.

ಇಳಿಸುವುದು

ಹೆಚ್ಚಿನವರು ಖೋವಾ ಉಂಡೆಯಂತೆ ಒಟ್ಟಾಗಿ ಅಂಚಿನಲ್ಲಿ ತುಪ್ಪ ಮಿನುಗುವವರೆಗೆ ಕಾಯುತ್ತಾರೆ. ಪೇಡಕ್ಕೆ ಅದು ಸರಿ. ಧಾರವಾಡದ ಪೇಡಕ್ಕೂ ಬೆಳಗಾವಿಯ ಕುಂದಾಕ್ಕೂ ಅದರಾಚೆಗೆ ಕಂದು ಬಣ್ಣ ಬರುವವರೆಗೆ ಹುರಿಯುತ್ತಾರೆ. ಜಾಮೂನಿಗೆ ಅಷ್ಟು ಕಾದರೆ ತಡವಾಯಿತು.

ಮಗುಚುವ ಕೈಯಿಂದ ಬಾಣಲೆಯ ನಡುವೆ ಗೆರೆ ಎಳೆಯಿರಿ. ತಳ ಕಂಡು, ಗೆರೆ ಎರಡು ಮೂರು ಎಣಿಸುವಷ್ಟರಲ್ಲಿ ನಿಧಾನವಾಗಿ ಮುಚ್ಚಿಕೊಂಡರೆ ಇಳಿಸಿಬಿಡಿ. ಆಗ ಅದು ಖೋವಾದಂತೆ ಕಾಣುವುದಿಲ್ಲ, ಬಿಸಿ ಕೇಸರಿಬಾತಿನಂತೆ ಸಡಿಲವಾಗಿ ಕಾಣುತ್ತದೆ. "ಇನ್ನೂ ಆಗಿಲ್ಲ" ಎಂದು ಮನಸ್ಸು ಹೇಳುತ್ತದೆ. ಕೇಳಬೇಡಿ. ಬಾಣಲೆಯ ಶಾಖಕ್ಕೇ ಇನ್ನೂ 15–20 ಗ್ರಾಂ ನೀರು ಹೋಗುತ್ತದೆ, ತಣ್ಣಗಾದಾಗ ಜಿಡ್ಡು ಗಟ್ಟಿಯಾಗಿ ಖೋವಾ ತಾನಾಗಿ ಬಿಗಿಯುತ್ತದೆ.

ಕಣ್ಣಿಗೆ ಈ ಅಂದಾಜು ಬರುವವರೆಗೆ ತಕ್ಕಡಿ ನಂಬಿ. ಗೋಡೆ ಮೇಲೆ ಬರೆದ ತೂಕ ಈಗ ಬೇಕು. ತಕ್ಕಡಿಯ ಮೇಲೆ ಮರದ ಹಲಗೆ ಇಟ್ಟು, ಅದರ ತೂಕವನ್ನು ಸೊನ್ನೆ ಮಾಡಿ, ಬಾಣಲೆಯನ್ನು ಮಗುಚುವ ಕೈಯ ಸಮೇತ ಇಡಿ. ಬರೆದಿಟ್ಟ ತೂಕ ಕಳೆದರೆ 555–560 ಗ್ರಾಂ ಬಂದಿದೆಯೇ? ಸಾಕು. 600 ಇದ್ದರೆ ಸಣ್ಣ ಉರಿಯಲ್ಲಿ ಇನ್ನೆರಡು ನಿಮಿಷ. ಹಾಲಿನ ಫ್ಯಾಟ್ ಬೇರೆ ಇದ್ದರೆ ಮೇಲಿನ ಲೆಕ್ಕದಂತೆ ನಿಮ್ಮ ಅಂಕಿ ಹಾಕಿಕೊಳ್ಳಿ: ಗಟ್ಟಿ ಅಂಶವನ್ನು 60ರಿಂದ ಭಾಗಿಸಿ ನೂರರಿಂದ ಗುಣಿಸಿ, ಬಂದದ್ದಕ್ಕೆ ಇಪ್ಪತ್ತು ಗ್ರಾಂ ಸೇರಿಸಿ. ಅದು ಇಳಿಸುವ ತೂಕ.

ಇಳಿಸಿದ ಮೇಲೂ ಮೂರು ನಾಲ್ಕು ನಿಮಿಷ ಕೈಯಾಡಿಸುತ್ತಲೇ ಇರಿ. ಆಮೇಲೆ ಒಣಗಿದ ಅಗಲ ತಟ್ಟೆಗೆ ತೆಗೆದು ಬೇಗ ಆರಲು ಬಿಡಿ. ಬಾಣಲೆಯಲ್ಲೇ ಬಿಟ್ಟರೆ ತಳದ್ದು ಗಟ್ಟಿ, ಮೇಲಿನದ್ದು ಮೆತ್ತಗೆ ಆಗುತ್ತದೆ.

ಬೆರಳಿನ ಪರೀಕ್ಷೆ, ಹಲ್ಲಿನ ಪರೀಕ್ಷೆ

ನೆಲ್ಲಿಕಾಯಿಯಷ್ಟು ಖೋವಾ ತೆಗೆದು ಆರಿಸಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿ. ಅಂಚು ಬಿರುಕು ಬಿಡದೆ ಚಪ್ಪಟೆಯಾಗಬೇಕು, ಬೆರಳಿಗೆ ತೆಳು ಜಿಡ್ಡು ಹತ್ತಬೇಕು. ಬಿರುಕು ಬಿಟ್ಟರೆ ನೀರು ಹೆಚ್ಚು ಹೋಗಿದೆ. ಬೆರಳಿಗೇ ಅಂಟಿಕೊಂಡರೆ ಇನ್ನೊಂದೆರಡು ನಿಮಿಷ ಸಣ್ಣ ಉರಿ ಬೇಕು. ಗಟ್ಟಿಯಾದದ್ದನ್ನು ಸ್ವಲ್ಪ ಮಟ್ಟಿಗೆ ತಿದ್ದಬಹುದು. ಪುಡಿಮಾಡಿ, ಅರ್ಧ ಕಿಲೋಗೆ ಎರಡು ಮೂರು ಚಮಚ ಬಿಸಿ ಹಾಲು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ನಾದಿ. ಮೊದಲಿನ ನುಣುಪು ಬರುವುದಿಲ್ಲ, ಮನೆಯ ಜಾಮೂನಿಗೆ ನಡೆಯುತ್ತದೆ, ಮಾರಾಟಕ್ಕೆ ಬೇಡ.

ತರಿ ಸಿಕ್ಕರೆ ಅದು ಯಾವ ತರಿ ಎಂದು ಹಲ್ಲಿನಲ್ಲಿ ನೋಡಿ, ಎರಡು ಬಗೆಯಿದೆ. ಮಾಡಿದ ದಿನವೇ ಸಿಗುವ, ರವೆಯಂತೆ ಹಲ್ಲಿಗೆ ಮೆತ್ತಗೆ ಸಿಕ್ಕಿ ಕರಗದ ತರಿ ಪ್ರೋಟೀನಿನದು. ಹಾಲು ಹುಳಿಯತ್ತ ಹೊರಳಿತ್ತು, ಇಲ್ಲವೇ ಉರಿ ತಗ್ಗಿಸುವುದು ತಡವಾಯಿತು ಎಂದು ಅರ್ಥ. (ಕಲಾಕಂದಕ್ಕೆ ಈ ತರಿಯೇ ಬೇಕೆಂದು ಬೇಕೆಂದೇ ಹುಳಿ ಹಾಕುತ್ತಾರೆ.) ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟ ಮೇಲೆ ಬರುವ, ಮರಳಿನಂತೆ ಕರಕರ ಎಂದು ಆಮೇಲೆ ನಾಲಿಗೆಯ ಮೇಲೆ ಕರಗುವ ತರಿ ಬೇರೆ. ಅದು ಹಾಲಿನ ಸಕ್ಕರೆ ಹರಳುಗಟ್ಟಿದ್ದು. ನಿಧಾನವಾಗಿ ಆರಿದ ಖೋವಾದಲ್ಲಿ ಹರಳು ದೊಡ್ಡದಾಗುತ್ತದೆ. ಕೈಯಾಡಿಸುತ್ತ ಬೇಗ ಆರಿಸಿ ಎಂದದ್ದು ಇದಕ್ಕೇ.

ಕೊಡುವ ಮೊದಲು ಲೆಕ್ಕ

ಮೆತ್ತನೆಯ ಖೋವಾದಲ್ಲಿ ನೀರು ಹೆಚ್ಚು, ಬೂಷ್ಟು ಬೇಗ ಬರುತ್ತದೆ. ಹೊರಗೆ ಒಂದು ದಿನಕ್ಕಿಂತ ಇಡಬೇಡಿ. ಬೇಡಿಕೆ ಬಂದ ದಿನದ ಹಿಂದಿನ ಸಂಜೆ ಮಾಡಿ, ತೊಳೆದು ಒಣಗಿಸಿದ ಡಬ್ಬಿಗೆ ಒತ್ತಿ ತುಂಬಿ, ಒದ್ದೆ ಕೈ ತಾಗಿಸದೆ ಫ್ರಿಜ್ಜಿನಲ್ಲಿಡಿ. ನಿಯಮಿತವಾಗಿ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು.

ಬೆಲೆ ಹೇಳುವಾಗ ಯಾವ ಖೋವಾ ಎಂದು ಕೇಳಿಕೊಳ್ಳಿ. ಫ್ಯಾಟ್ 4ರ ಐದು ಲೀಟರ್ ಹಾಲಿಗೆ ಮೆತ್ತನೆಯದು ಒಂದು ಕಿಲೋ 50 ಗ್ರಾಂ ಆಸುಪಾಸು ಕೈಗೆ ಸಿಗುತ್ತದೆ, ಅದೇ ಹಾಲಿಗೆ ಪೇಡದ ಖೋವಾ 920 ಗ್ರಾಂ ದಾಟುವುದು ಕಷ್ಟ, ಬಾಣಲೆಗೆ ಅಂಟಿದ್ದೂ ಸೇರಿ ಕಳೆಯುತ್ತದೆ. ಎರಡಕ್ಕೂ ಒಂದೇ ದರ ಹೇಳಿದರೆ ಪೇಡದವರಿಗೆ ನೀವೇ ಕೈಯಿಂದ ಹಾಕಿದಂತೆ. ಐದು ಲೀಟರಿಗೆ ಸಂಘದಲ್ಲಿ ಎಷ್ಟು ಸಿಗುತ್ತಿತ್ತೋ ಅದನ್ನು ಮೊದಲು ಬರೆಯಿರಿ, ಅದರ ಮೇಲೆ 400 ಗ್ರಾಂ ಹತ್ತಿರದ ಗ್ಯಾಸು, ಅದರ ಮೇಲೆ ಎರಡು ಗಂಟೆಯ ನಿಮ್ಮ ಕೂಲಿ. ಕೂಲಿಯನ್ನು ಬರೆಯುವುದನ್ನು ನಾವು ಹೆಂಗಸರು ಮರೆಯುತ್ತೇವೆ.

ಸೀಮಂತದ ಮನೆಯವರಿಗೆ ಆಮೇಲೆ ನಾನೇ ಅರ್ಧ ಕಿಲೋ ತೂಗಿ ಮಾಡಿದ ಖೋವಾ ಕೊಂಡುಹೋಗಿ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ನಾಲ್ಕು ಪಾಲು ಖೋವಾಕ್ಕೆ ಒಂದು ಪಾಲು ಮೈದಾ ಹಾಕಿ ನಾದಿ, ಸಣ್ಣ ಉರಿಯಲ್ಲಿ ಕರಿದರು. ಅರ್ಧ ಗಂಟೆಯ ಮೇಲೆ ಒಂದನ್ನು ಚಮಚದಿಂದ ಸೀಳಿ ತೋರಿಸಿದರು. ಪಾಕ ನಡುವಿನವರೆಗೂ ಇಳಿದಿತ್ತು. ಮಗುವಿನ ಹುಟ್ಟುಹಬ್ಬಕ್ಕೆ ನಾಲ್ಕು ಕಿಲೋ ಹೇಳಿದ್ದಾರೆ.